ಒಂದೇ ನಾಟಕ, ಮೂರು ಊರಿನ ಕಿವಿ

ಪ್ರಶ್ನೆ: ನಾವು ಪುಣೆಯ ಆರೇಳು ಗೆಳೆಯರು ಕ್ಷಯರೋಗದ ಬಗ್ಗೆ ಆರು ನಿಮಿಷದ ಬೀದಿ ನಾಟಕ ಆಡುತ್ತೇವೆ. ಬರೆದವನು ಬೆಂಗಳೂರಿನವನು. ಪುಣೆಯ ಕಟ್ಟಡ ಕಾರ್ಮಿಕರ ಮುಂದೆ ಆಡುವಾಗ ‘ಇದೆ’ ಇದ್ದಲ್ಲೆಲ್ಲ ‘ಐತಿ’ ಹಾಕಿದೆವು. ಜನ ನಗಬಾರದ ಕಡೆ ನಕ್ಕರು. ಮುಂದೆ ವಾಸ್ಕೋದಲ್ಲಿ ಆಡಬೇಕು, ಆಮೇಲೆ ಮುಂಬೈ ಹೋಟೆಲ್ ಹುಡುಗರ ಮುಂದೆ. ತಪ್ಪು ಎಲ್ಲಾಯ್ತು? ಮೂರು ಬೇರೆ ಬೇರೆ ನಾಟಕ ಬರೆಯಬೇಕಾ?

ಉತ್ತರ: ಮೂರು ನಾಟಕ ಬೇಡ. ಒಂದೇ ನಾಟಕ ಸಾಕು, ಆದರೆ ಮೂರು ಪ್ರತಿ ಬೇಕು. ಮೂರರಲ್ಲೂ ಬದಲಾಗುವ ಜಾಗ ಒಂದೇ ಅಲ್ಲ, ಅದೇ ಇದರ ಗುಟ್ಟು.

ಮೊದಲು ಆ ‘ಐತಿ’ ವಿಷಯ. ನಿಮ್ಮ ಪುಣೆ ಸೈಟಿನ ಜನ ಯಾವ ಕಡೆಯವರು ಅಂತ ನೀವು ಬರೆದಿಲ್ಲ. ನನ್ನ ಊಹೆ, ಅವರು ಕಲಬುರಗಿ, ಯಾದಗಿರಿ ಕಡೆಯವರು. ಅಲ್ಲಿ ‘ಅದ’ ಅನ್ನುತ್ತಾರೆ. ‘ನೀರ ಅದ’, ‘ಕೆಲ್ಸ ಅದ’. ‘ಐತಿ’ ಅನ್ನೋದು ಬಾಗಲಕೋಟೆ, ಗದಗ, ಹುಬ್ಬಳ್ಳಿ, ಬೆಳಗಾವಿ ಕಡೆಯ ಮಾತು. ವಿಜಯಪುರದಲ್ಲಿ ಎರಡೂ ಕೇಳಿಸುತ್ತೆ, ತಾಲ್ಲೂಕು ನೋಡಿಕೊಂಡು ಹೇಳಬೇಕು. ದೂರದಿಂದ ನೋಡಿದರೆ ಎಲ್ಲಾ ಒಂದೇ ‘ಉತ್ತರ ಕರ್ನಾಟಕದ ಭಾಷೆ’ ಅನ್ನಿಸುತ್ತದೆ. ಒಳಗಿನವರಿಗೆ ಹಾಗಲ್ಲ.

ಆದರೆ ಬರೀ ‘ಐತಿ’ ಕೇಳಿ ಯಾರೂ ನಗುವುದಿಲ್ಲ. ಕಲಬುರಗಿಯವರಿಗೆ ಹುಬ್ಬಳ್ಳಿ ಮಾತು ಹೊಸದಲ್ಲ. ‘ಐತಿ’ ಒಂದೇ ಬದಲಾಗಿ ಉಳಿದದ್ದೆಲ್ಲ ಬೆಂಗಳೂರಿನದಾಗಿ ಉಳಿದರೆ ಆಗ ನಗು ಬರುತ್ತೆ. ‘ನನಗೆ ಗೊತ್ತಿಲ್ಲ ಮೇಡಂ, ಕೆಮ್ಮು ಬರ್ತಾ ಐತಿ’ ಅಂತ ಭೂಮಿ ಮೇಲೆ ಯಾರೂ ಮಾತಾಡುವುದಿಲ್ಲ. ‘ಐತಿ’ ಅನ್ನುವವನು ‘ನನಗ’ ಅನ್ನುತ್ತಾನೆ, ‘ಬರಾಕತ್ತೈತಿ’ ಅನ್ನುತ್ತಾನೆ. ಈ ರೂಪಗಳು ಒಂದು ಕಟ್ಟಿನಂತೆ ಜೊತೆಯಾಗಿ ಬರುತ್ತವೆ. ಕಟ್ಟು ಬಿಚ್ಚಿ ಒಂದು ಕಡ್ಡಿ ಮಾತ್ರ ಎಳೆದುಕೊಂಡರೆ ಅದು ವೇಷ ಹಾಕಿದಂತೆ ಕಾಣುತ್ತೆ. ಸಿನೆಮಾದಲ್ಲಿ ಹಾಸ್ಯದ ಪಾತ್ರಕ್ಕೆ ಈ ಮಾತನ್ನು ಕೊಟ್ಟೂ ಕೊಟ್ಟೂ ಜನಕ್ಕೆ ಅದು ಚೆನ್ನಾಗಿ ಗೊತ್ತು. ‘ಇವರು ನಮ್ಮನ್ನ ಆಡಿಕೊಳ್ಳೋಕೆ ಬಂದಿದ್ದಾರೆ’ ಅಂತ ಅನ್ನಿಸಿದ ಮೇಲೆ ಕಫದ ಮಾತು ಯಾರ ಕಿವಿಗೂ ಹೋಗುವುದಿಲ್ಲ.

ನಾನು ಕಾರ್ಕಳ ಕಡೆಯವನು, ಇರೋದು ಡೊಂಬಿವಿಲಿಯಲ್ಲಿ. ಇದೇ ತರದ ಆರೋಗ್ಯದ ನಾಟಕ ಬರೆದು ಆಡಿಸಿ ವರ್ಷಗಳೇ ಆದವು. ನನ್ನ ಮೊದಲ ತಪ್ಪು ನಿಮ್ಮದಕ್ಕಿಂತ ದೊಡ್ಡದು, ಹೇಳಿಬಿಡುತ್ತೇನೆ. ಪುಣೆಯ ಒಂದು ಸೈಟಿನಲ್ಲಿ ನರ್ಸ್ ಪಾತ್ರದ ಬಾಯಲ್ಲಿ ‘ಮಧ್ಯದಲ್ಲಿ ಮಾತ್ರೆ ನಿಲ್ಲಿಸ್ಲಿಕ್ಕಿಲ್ಲ’ ಅಂತ ಹೇಳಿಸಿದ್ದೆ. ನಮ್ಮ ಕರಾವಳಿಯಲ್ಲಿ ಅದರ ಅರ್ಥ ‘ನಿಲ್ಲಿಸೋ ಹಾಗಿಲ್ಲ’. ಕಟ್ಟುನಿಟ್ಟಿನ ಮಾತು. ಆದರೆ ಘಟ್ಟದ ಮೇಲೆ, ಉತ್ತರದಲ್ಲೂ, ‘ಅವ ಬರ್ಲಿಕ್ಕಿಲ್ಲ’ ಅಂದರೆ ‘ಅವನು ಬರದೇ ಇರಬಹುದು’. ನಾಟಕ ಮುಗಿದ ಮೇಲೆ ಒಬ್ಬ ಹೆಂಗಸನ್ನು ಕೇಳಿದೆ, ನರ್ಸ್ ಏನು ಹೇಳಿದಳು ಅಂತ. ‘ಬಿಡ್ಲಿಕ್ಕಿಲ್ಲ ಅಂತಂದ್ಲರಿ, ಬಿಟ್ರೂ ಬಿಡಬಹುದು’ ಅಂದರು. ಆರು ತಿಂಗಳ ಚಿಕಿತ್ಸೆಯ ಒಂದೇ ಒಂದು ಮುಖ್ಯ ಮಾತು, ಅದೇ ಉಲ್ಟಾ ಆಗಿತ್ತು. ನನ್ನ ಕಿವಿಗೆ ಅದು ಶುದ್ಧ ಕನ್ನಡವಾಗಿಯೇ ಕೇಳಿಸಿತ್ತು. ಅದಕ್ಕೇ ಬರೆಯುವಾಗ ಅನುಮಾನ ಬರಲಿಲ್ಲ.

ಹೀಗೆ ಎರಡೂ ಕಡೆ ಇರುವ, ಆದರೆ ಅರ್ಥ ಬೇರೆಯಾಗುವ ಮಾತು ತುಂಬಾ ಅಪಾಯ. ಗೊತ್ತಿಲ್ಲದ ಪದ ಬಂದರೆ ಜನ ‘ಏನಂದ್ರಿ?’ ಅಂತ ಕೇಳುತ್ತಾರೆ. ಗೊತ್ತಿದೆ ಅಂದುಕೊಂಡ ಪದ ಬಂದರೆ ಕೇಳುವುದಿಲ್ಲ, ತಲೆಯಾಡಿಸಿ ಹೋಗುತ್ತಾರೆ.

ಹಾಗಾಗಿ ಕೆಲಸ ಶುರು ಮಾಡುವ ಮೊದಲು ನಾಟಕದಲ್ಲಿ ಅಲ್ಲಾಡಬಾರದ ಮಾತು ಯಾವುದು ಅಂತ ಗುರುತು ಹಾಕಿ. ನಿಮ್ಮದರಲ್ಲಿ ನಾಲ್ಕೇ ಇರಬೇಕು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಪರೀಕ್ಷೆ. ಪರೀಕ್ಷೆಗೆ ಬೇಕಿರೋದು ಎದೆಯಿಂದ ಕೆಮ್ಮಿ ತೆಗೆದ ಕಫ, ಬಾಯಿಯ ಉಗುಳಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ, ನಡುವೆ ಬಿಡಬಾರದು. ಇವನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಪ್ರತಿ ಊರಿನ ಪ್ರತಿಯಲ್ಲೂ ಇವುಗಳ ಪದ ಬದಲಾಗಬಹುದು, ಆದರೆ ಒಬ್ಬರು ಹಾಗೆ ಬದಲಾಯಿಸಿದ್ದನ್ನು ಇನ್ನೊಬ್ಬರು ಆ ಊರಿನವರಿಗೆ ಹೇಳಿ, ಅವರ ಬಾಯಲ್ಲಿ ವಾಪಸ್ ಕೇಳಲೇಬೇಕು. ಹಣದ ಮಾತು ಇದ್ದರೆ ಅದೂ ಕೆಂಪೇ. ರೋಗಿಗೆ ಊಟಕ್ಕೆ ಅಂತ ಸರ್ಕಾರ ಖಾತೆಗೆ ಹಾಕುವ ಹಣ ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಯ್ತು. ಹಳೆ ಪ್ರತಿಯಲ್ಲಿ 500 ಅಂತ ಉಳಿದುಬಿಟ್ಟರೆ ಎಷ್ಟು ಚಂದದ ಕಲಬುರಗಿ ಮಾತು ಬರೆದರೂ ಏನು ಉಪಯೋಗ?

ಕಫದ ಪದದ ಬಗ್ಗೆ ಒಂದು ಮಾತು. ಈ ಒಂದು ಪದಕ್ಕೆ ಊರಿಗೊಂದು ಹೆಸರಿರುತ್ತೆ, ಬರೆಯುವವರು ಸುಲಭವಾಗಲಿ ಅಂತ ‘ಉಗುಳು’ ಅಂತ ಬರೆದುಬಿಡುತ್ತಾರೆ. ಆಮೇಲೆ ಡಬ್ಬಿಯಲ್ಲಿ ಬರೀ ಜೊಲ್ಲು ತುಂಬಿ ಬರುತ್ತೆ, ಪರೀಕ್ಷೆ ಸರಿಯಾಗುವುದಿಲ್ಲ. ನಾನು ಎಲ್ಲ ಊರಲ್ಲೂ ‘ಕಫ’ ಅಂತಲೇ ಇಟ್ಟು, ನಟನ ಕೈಯನ್ನು ಎದೆಯ ಮೇಲೆ ಇಡಿಸಿ ಒಮ್ಮೆ ಆಳವಾಗಿ ಕೆಮ್ಮಿಸುತ್ತೇನೆ. ಕೆಲವು ಪದಗಳನ್ನು ಅನುವಾದ ಮಾಡಬಾರದು, ಆಡಿ ತೋರಿಸಬೇಕು.

ಈಗ ಬದಲಾಯಿಸಬೇಕಾದ ಮಾತಿಗೆ ಬರೋಣ. ನಾನು ಮೊದಲು ಮುಟ್ಟುವುದು ಸಂಬೋಧನೆಯನ್ನು, ಕ್ರಿಯಾಪದವನ್ನಲ್ಲ. ಬೆಂಗಳೂರಿನ ಪ್ರತಿಯಲ್ಲಿ ರೋಗಿ ‘ಮೇಡಂ’ ಅನ್ನುತ್ತಾನೆ, ನರ್ಸ್ ‘ನೀವು’ ಅನ್ನುತ್ತಾಳೆ. ಉತ್ತರದ ಕಡೆ ನಡುವಯಸ್ಸಿನ ನರ್ಸ್ ಇಪ್ಪತ್ತರ ಹುಡುಗನಿಗೆ ‘ತಮ್ಮಾ’ ಅಂದು, ‘ನೀ’ ಅಂದರೇ ಅದು ಅಕ್ಕರೆ, ಅದರಲ್ಲೇ ಅಧಿಕಾರವೂ ಇರುತ್ತೆ. ಅಲ್ಲಿ ‘ನೀವು’ ಅಂದರೆ ದೂರದವಳಾಗಿಬಿಡುತ್ತಾಳೆ. ಹುಡುಗ ‘ಅಕ್ಕಾ’ ಅಂದು, ಮಾತಿನ ಕೊನೆಗೆ ‘ರಿ’ ಹಾಕಿದರೆ ಗೌರವ ಅಲ್ಲಿಗೆ ಬಂತು. ವಯಸ್ಸಾದವರಾದರೆ ‘ಯಪ್ಪಾ’, ‘ಯವ್ವಾ’. ಕರಾವಳಿ ಹುಡುಗರಿಗೆ ‘ತಮ್ಮಾ’ ಅಂದರೆ ಅಷ್ಟು ಹತ್ತಿರ ಅನ್ನಿಸುವುದಿಲ್ಲ, ‘ಮಾರಾಯ’ ಅಂದರೆ ಮುಖ ಅರಳುತ್ತೆ. ಆದರೆ ನರ್ಸ್ ಬಾಯಲ್ಲಿ ‘ಮಾರಾಯ’ ಬೇಡ, ಜೊತೆ ಕೆಲಸದ ಹುಡುಗನ ಬಾಯಲ್ಲಿ ಚೆನ್ನ. ಈ ಒಂದು ಬದಲಾವಣೆಯಿಂದಲೇ ಅರ್ಧ ಕೆಲಸ ಆಗುತ್ತೆ ಅಂದರೆ ನೀವು ನಂಬಲಿಕ್ಕಿಲ್ಲ. (ನೋಡಿ, ಇಲ್ಲಿ ‘ನಂಬಲಿಕ್ಕಿಲ್ಲ’ವನ್ನು ನಾನು ಘಟ್ಟದ ಮೇಲಿನ ಅರ್ಥದಲ್ಲೇ ಬರೆದೆ.)

ಒಂದು ದೃಶ್ಯ ತೆಗೆದುಕೊಂಡು ಮಾಡಿ ತೋರಿಸುತ್ತೇನೆ. ನಿಮ್ಮ ಗೆಳೆಯನ ಮೂಲ ಹೆಚ್ಚುಕಡಿಮೆ ಹೀಗಿರಬೇಕು:

ನರ್ಸ್: ಕೆಮ್ಮು ಎಷ್ಟು ದಿನದಿಂದ ಇದೆ?
ಬಸವ: ಒಂದು ತಿಂಗಳಾಯ್ತು ಮೇಡಂ. ಧೂಳಿಂದ ಬರ್ತಾ ಇದೆ ಅಂದ್ಕೊಂಡಿದ್ದೆ.
ನರ್ಸ್: ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ರೆ ಕಫ ಪರೀಕ್ಷೆ ಮಾಡಿಸ್ಬೇಕು. ದುಡ್ಡು ಕೊಡಬೇಕಾಗಿಲ್ಲ.
ಬಸವ: ಪರೀಕ್ಷೆಗೆ ಹೋದ್ರೆ ಕೆಲಸ ಹೋಗುತ್ತೆ ಮೇಡಂ.
ನರ್ಸ್: ಆರು ತಿಂಗಳು ಮಾತ್ರೆ ತಗೊಳ್ಳಿ. ಮಧ್ಯದಲ್ಲಿ ನಿಲ್ಲಿಸಬೇಡಿ.

ಪುಣೆ ಸೈಟಿಗೆ, ಕಲಬುರಗಿ ಕಡೆಯವರಿಗೆ:

ನರ್ಸ್: ಕೆಮ್ಮು ಹತ್ತಿ ಎಷ್ಟ್ ದಿನಾ ಆಯ್ತು ತಮ್ಮಾ?
ಬಸವ: ಒಂದ್ ತಿಂಗ್ಳಾಯ್ತ್ರಿ ಅಕ್ಕಾ. ಸಿಮೆಂಟ್ ಧೂಳಿಗಿ ಬರ್ಲಾಕತ್ತದ ಅಂತ ಸುಮ್ನ ಕುಂತಿದ್ದೆ.
ನರ್ಸ್: ಎರಡ್ ವಾರಕ್ಕಿಂತ ಜಾಸ್ತಿ ಕೆಮ್ಮು ಇತ್ತಂದ್ರ ಕಫ ತಪಾಸ ಮಾಡಿಸ್ಬೇಕು. ರೊಕ್ಕ ಕೊಡೋದೇನಿಲ್ಲ.
ಬಸವ: ದವಾಖಾನಿಗಿ ಹೋಗಿ ಕುಂತ್ರ ಕೆಲ್ಸ ಹೋಗ್ತದ್ರಿ ಅಕ್ಕಾ. ಮುಕಾದಮ ಬ್ಯಾರೆಯವರ್ನ ತರ್ತಾನ.
ನರ್ಸ್: ಆರ್ ತಿಂಗ್ಳ ಗುಳಿಗಿ ನುಂಗ್ಬೇಕು ನೋಡ್. ನಡಬರ್ಕ ಬಿಡಬ್ಯಾಡ.

ಇಲ್ಲಿ ಗಮನಿಸಿ, ‘ಇದೆ’ ಹೋಗಿ ‘ಅದ’ ಬಂದದ್ದು ಸಣ್ಣ ಸಂಗತಿ. ಮೊದಲ ಸಾಲಿನ ಕಟ್ಟೇ ಬದಲಾಗಿದೆ. ಕೆಮ್ಮು ಅಲ್ಲಿ ‘ಇರುವುದಿಲ್ಲ’, ‘ಹತ್ತುತ್ತದೆ’. ದುಡ್ಡು ರೊಕ್ಕವಾಯ್ತು, ಮಾತ್ರೆ ಗುಳಿಗಿಯಾಯ್ತು, ಆಸ್ಪತ್ರೆ ದವಾಖಾನಿಯಾಯ್ತು. ಕೆಲಸ ಕಳೆಯುವ ಭಯಕ್ಕೆ ಮುಕಾದಮ ಬಂದ. ಪುಣೆ ಸೈಟಿನಲ್ಲಿ ಕೂಲಿ ಕೊಡುವವನೂ ಕಳಿಸುವವನೂ ಅವನೇ ತಾನೇ? ಮೂಲದಲ್ಲಿ ಅವನು ಇರಲೇ ಇಲ್ಲ. ಈ ಒಂದು ಪದ ಎಲ್ಲ ಪ್ರತ್ಯಯಗಳಿಗಿಂತ ಜಾಸ್ತಿ ಕೆಲಸ ಮಾಡುತ್ತೆ.

ಇನ್ನು ‘ಬ್ಯಾಡ’, ‘ಬ್ಯಾರೆ’. ಇದನ್ನು ಕಂಪ್ಯೂಟರಿನಲ್ಲಿ ಹುಡುಕಿ ಬದಲಾಯಿಸುವ ಆಸೆ ಎಲ್ಲರಿಗೂ ಬರುತ್ತೆ. ಹಾಗೆ ಮಾಡಿ ‘ಬ್ಯಾಕು’ ಅಂತ ಬರೆದವರನ್ನು ನಾನೇ ನೋಡಿದ್ದೇನೆ. ‘ಬೇಕು’ ಯಾವತ್ತೂ ‘ಬೇಕು’ ಅಥವಾ ‘ಬೇಕ’. ಮುಂದಿನ ಅಕ್ಷರದಲ್ಲಿ ಮೂಲದಿಂದಲೇ ಇ ಅಥವಾ ಉ ಇದ್ದರೆ ಏ ಸಾಮಾನ್ಯವಾಗಿ ಹಾಗೇ ಉಳಿಯುತ್ತೆ: ಬೇಕು, ಕೇಳು. ಅ, ಎ ಇದ್ದರೆ ಬಾಯಿ ಅಗಲವಾಗುತ್ತೆ: ಬ್ಯಾಡ, ಬ್ಯಾರೆ, ಮ್ಯಾಲೆ. ‘ಬ್ಯಾಳಿ’ ಈ ನಿಯಮ ಮುರಿದಂತೆ ಕಾಣುತ್ತೆ, ಆದರೆ ಅದು ಮೊದಲು ‘ಬೇಳೆ’. ಕೊನೆಯ ಎ ಆಮೇಲೆ ಇ ಆಗಿದೆ, ಅಷ್ಟೆ. ಮಾತಿಗೆ ಅದರದ್ದೇ ಲೆಕ್ಕ ಇರುತ್ತೆ, ಸುಮ್ನೆ ಅಕ್ಷರ ತಿರುಚಿದರೆ ಆ ಲೆಕ್ಕ ತಪ್ಪುತ್ತೆ.

ವಾಸ್ಕೋಗೆ ಹೋದಾಗ ಇದೇ ಪ್ರತಿ ನಡೆಯುತ್ತಾ? ಮುಕ್ಕಾಲು ಪಾಲು ನಡೆಯುತ್ತೆ. ಝುವಾರಿ ನಗರ, ಬೈನಾ ಕಡೆ ಬಾಗಲಕೋಟೆ, ಗದಗ, ವಿಜಯಪುರ, ಹಾವೇರಿ ಮೂಲದವರು ಜಾಸ್ತಿ. ಅಲ್ಲಿ ಕಟ್ಟನ್ನು ಬದಲಾಯಿಸಿ:

ನರ್ಸ್: ಕೆಮ್ಮ ಹತ್ತಿ ಎಷ್ಟ ದಿನಾ ಆತೋ ತಮ್ಮಾ?
ಬಸವ: ಒಂದ್ ತಿಂಗ್ಳಾತ್ರಿ ಅಕ್ಕಾ. ಇದ್ಲಿ ಧೂಳಿಗೆ ಬರಾಕತ್ತೈತಿ ಅಂತ ಸುಮ್ನ ಕುಂತಿದ್ದೆ.
ಬಸವ: ದವಾಖಾನಿಗೆ ಹೋಗಿ ಕುಂತ್ರ ಕೆಲ್ಸ ಹೊಕ್ಕೈತ್ರಿ.

‘ಬರ್ಲಾಕತ್ತದ’ ಹೋಗಿ ‘ಬರಾಕತ್ತೈತಿ’, ‘ಹೋಗ್ತದ’ ಹೋಗಿ ‘ಹೊಕ್ಕೈತಿ’. ಒಂದನ್ನು ಬದಲಾಯಿಸಿದರೆ ಇನ್ನೊಂದನ್ನೂ ಬದಲಾಯಿಸಲೇಬೇಕು, ಕಟ್ಟು ಅಂದದ್ದು ಇದಕ್ಕೇ. ರೊಕ್ಕ, ಗುಳಿಗಿ, ದವಾಖಾನಿ ಹಾಗೇ ಇರಲಿ. ಧೂಳನ್ನು ಮಾತ್ರ ಮರೆಯಬೇಡಿ. ವಾಸ್ಕೋ ಬಂದರಿನಲ್ಲಿ ಕಲ್ಲಿದ್ದಲು ಇಳಿಯುತ್ತೆ, ಅದರ ಕರಿ ಧೂಳು ಮನೆಯ ಕಿಟಕಿ ಮೇಲೆ ಕೂರುತ್ತೆ ಅನ್ನೋದು ಅಲ್ಲಿನವರ ಹಳೇ ದೂರು. ‘ಸಿಮೆಂಟ್ ಧೂಳು’ ಅಂದರೆ ಅವರು ಕೇಳುತ್ತಾರೆ, ‘ಇದ್ಲಿ ಧೂಳು’ ಅಂದರೆ ಪಕ್ಕದವರ ಮುಖ ನೋಡುತ್ತಾರೆ. ಮುಕಾದಮನ ಬದಲು ಅಲ್ಲಿ ‘ಪಾತ್ರಾಂವ್’ ಅಂದರೂ ಆಗುತ್ತೆ. ಗೋವಾದ ಕೊಂಕಣಿಯಲ್ಲಿ ಯಜಮಾನನಿಗೆ ಹೇಳುವ ಈ ಮಾತು ಅಲ್ಲಿ ಕೆಲಸ ಮಾಡುವವರ ಕಿವಿಗೆ ಬಿದ್ದೇ ಬಿದ್ದಿರುತ್ತೆ. ಆದರೆ ಹೋಗಿ ಕೇಳಿ ನೋಡಿ, ನಿಮ್ಮ ನೋಡುಗರು ಬಳಸುತ್ತಾರಾ ಅಂತ.

ಒಂದು ಎಚ್ಚರಿಕೆ. ಗೋವಾದಲ್ಲಿ ಘಟ್ಟದ ಮೇಲಿನಿಂದ ಬಂದ ಕೂಲಿಗಳನ್ನು ಹೀಯಾಳಿಸಲು ‘ಘಾಟಿ’ ಅನ್ನುತ್ತಾರೆ. ನಾಟಕದಲ್ಲಿ ‘ಜೀವಂತಿಕೆ’ಗೆ ಅಂತ ಯಾವನೋ ಒಬ್ಬ ಪಾತ್ರದ ಬಾಯಲ್ಲಿ ಅದನ್ನು ಹಾಕಿಬಿಡುತ್ತಾನೆ. ಹಾಕಬೇಡಿ. ಅದನ್ನು ಕೇಳಿ ನಗುವವರು ಕಡಿಮೆ, ನೋವಾಗುವವರು ಜಾಸ್ತಿ.

ಮುಂಬೈ ಬೇರೆಯೇ ಲೋಕ. ಹೋಟೆಲಿನ ಹುಡುಗರಲ್ಲಿ ಉಡುಪಿ, ದಕ್ಷಿಣ ಕನ್ನಡದವರಾದರೆ ಮನೆಮಾತು ಬಹಳ ಸಲ ತುಳು. ಕನ್ನಡ ಅವರಿಗೆ ಶಾಲೆಯ ಭಾಷೆ, ಪತ್ರಿಕೆಯ ಭಾಷೆ, ಯಕ್ಷಗಾನದ ಭಾಷೆ. ಆದ್ದರಿಂದ ಅವರ ಕನ್ನಡ ಬರಹದ ಕನ್ನಡಕ್ಕೆ ಹತ್ತಿರ. ‘ಹೋಗ್ತೇನೆ’, ‘ಬರ್ತದೆ’ ಅನ್ನೋದು ಅವರಿಗೆ ಸಹಜ. ಇದು ಕೆಲಸವನ್ನು ಸುಲಭ ಮಾಡುತ್ತೆ, ಜೊತೆಗೆ ಮೋಸವನ್ನೂ ಮಾಡುತ್ತೆ. ಸುಲಭ ಯಾಕೆಂದರೆ ಜಾಸ್ತಿ ಬದಲಾಯಿಸಬೇಕಾಗಿಲ್ಲ. ಮೋಸ ಯಾಕೆಂದರೆ ‘ಉಂಟು, ಎಂತ, ಮಾರಾಯ್ರೆ’ ಅಂತ ಮೂರು ಪದ ಎಲ್ಲ ಸಾಲಿಗೂ ಚಿಮುಕಿಸಿದರೆ ಕೆಲಸ ಆಯ್ತು ಅಂತ ಅನ್ನಿಸಿಬಿಡುತ್ತೆ. ಅದು ಮತ್ತೆ ಸಿನೆಮಾದ ಭಟ್ಟರ ಮಾತಾಗುತ್ತೆ. ನನ್ನ ಲೆಕ್ಕ, ಒಂದು ನಿಮಿಷದ ಮಾತಿಗೆ ‘ಮಾರಾಯ’ ಒಂದೇ ಸಲ.

ನರ್ಸ್: ಕೆಮ್ಮು ಶುರುವಾಗಿ ಎಷ್ಟು ದಿನ ಆಯ್ತು?
ಸುಧಾಕರ: ಒಂದು ತಿಂಗಳು ಆಯ್ತು ಸಿಸ್ಟರ್. ಒಳಗೆ ಹೊಗೆ ಅಲ್ವಾ, ಅದರಿಂದ ಬರುದು ಅಂತ ಎಣಿಸಿದ್ದೆ.
ನರ್ಸ್: ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಉಂಟಾದ್ರೆ ಕಫ ಟೆಸ್ಟ್ ಮಾಡಿಸ್ಬೇಕು. ದುಡ್ಡು ಏನೂ ಬೇಡ.
ಸುಧಾಕರ: ರಜೆ ಕೇಳಿದ್ರೆ ಧಣಿ ಊರಿಗೆ ಹೋಗು ಅಂತಾರೆ. ಮನೇಲಿ ಎಂತ ಹೇಳುದು?
ನರ್ಸ್: ಆರು ತಿಂಗಳು ಮಾತ್ರೆ ತಗೊಳ್ಬೇಕು. ಮಧ್ಯದಲ್ಲಿ ಬಿಡಬಾರ್ದು.

ಹೆಸರು ಬದಲಾಯಿಸಿದ್ದೇನೆ. ಉಡುಪಿ ಕಡೆಯ ಹೋಟೆಲ್ ಹುಡುಗ ಅಂತ ಹೇಳಿ ಬಸವ ಅಂತ ಹೆಸರಿಟ್ಟರೆ ಮೊದಲ ಸಾಲಿಗೇ ಜನ ಅನುಮಾನ ಪಡುತ್ತಾರೆ. ಧೂಳು ಹೋಗಿ ಅಡುಗೆಮನೆಯ ಹೊಗೆ ಬಂತು. ‘ಅಂದ್ಕೊಂಡಿದ್ದೆ’ ಹೋಗಿ ‘ಎಣಿಸಿದ್ದೆ’ ಬಂತು, ಕರಾವಳಿಯಲ್ಲಿ ಯೋಚಿಸೋದಕ್ಕೆ ಅದೇ ಮಾತು. ಕೊನೆಯ ಸಾಲಿನಲ್ಲಿ ‘ಬಿಡ್ಲಿಕ್ಕಿಲ್ಲ’ ಅಂತ ಬರೆದಿದ್ದರೆ ಅಲ್ಲಿ ಸರಿಯೇ ಇತ್ತು. ಆದರೂ ಬರೆಯಲಿಲ್ಲ. ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು ವಿಜಯಪುರದ ಹುಡುಗ ಇರಬಹುದು. ಕೆಂಪು ಪೆನ್ನಿನ ಮಾತಿಗೆ ಎಲ್ಲರಿಗೂ ಒಂದೇ ಅರ್ಥ ಬರುವ ರೂಪ ಸಿಕ್ಕರೆ ಅದನ್ನೇ ಇಡಿ, ಚಂದ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ಕುಂದಾಪುರದವರೇ ತುಂಬಿರುವ ಜಾಗವಾದರೆ ಮಾತ್ರ ‘ಹೋಪುದು, ಬಪ್ಪುದು’ ಬೇಕಾಗುತ್ತೆ. ಅದು ಮಂಗಳೂರು ಕಡೆಯ ಕನ್ನಡಕ್ಕಿಂತ ಪೂರ್ತಿ ಬೇರೆ. ಆ ಊರಿನ ನಟ ಇಲ್ಲದೆ ಅದಕ್ಕೆ ಕೈ ಹಾಕಬೇಡಿ, ನಾನು ಕಾರ್ಕಳದವನಾಗಿದ್ದೂ ಹಾಕುವುದಿಲ್ಲ.

ಪದಗಳು ಹೀಗೆ ಕವಲೊಡೆಯಲು ಒಂದು ಕಾರಣ ಹಳೇ ಆಡಳಿತ. 1956ರ ನವೆಂಬರ್ 1ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿಗೆ ಸೇರಿದ್ದವು. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದಿಗೆ. ದಕ್ಷಿಣ ಕನ್ನಡ ಮದ್ರಾಸಿಗೆ. ಆಸ್ಪತ್ರೆ, ಕಚೇರಿ, ಸಂಬಳ, ಪರೀಕ್ಷೆಯಂತಹ ಸರ್ಕಾರದ ಬಾಗಿಲಲ್ಲಿ ಬಳಸುವ ಪದಗಳೇ ಊರಿಂದೂರಿಗೆ ಜಾಸ್ತಿ ಬದಲಾಗೋದು ಇದಕ್ಕೇ. ಮನೆಯೊಳಗಿನ ನೀರು, ಕಣ್ಣು, ಕೈಗಳಲ್ಲಿ ಅಷ್ಟು ವ್ಯತ್ಯಾಸ ಇಲ್ಲ. ಆರೋಗ್ಯದ ನಾಟಕದಲ್ಲಿ ಬರುವ ಪದಗಳೆಲ್ಲ ಮೊದಲ ಗುಂಪಿನವು, ಅದಕ್ಕೆ ನಮಗೆ ಕಷ್ಟ ಜಾಸ್ತಿ. ಸಂಬಳದ ಮಾತು ಬಂದರೆ ಪುಣೆ, ಗೋವಾ ಎರಡಕ್ಕೂ ‘ಪಗಾರ’ ಅಂತ ಬರೆಯಿರಿ. ಮರಾಠಿಗೆ ಪೋರ್ಚುಗೀಸಿನಿಂದ ಬಂದ ಪದ ಅದು. ಕರಾವಳಿಯವರಿಗೆ ‘ಸಂಬಳ’ವೇ ಸರಿ.

ಇದನ್ನೆಲ್ಲ ಎಲ್ಲಿಂದ ತಿಳಿಯೋದು? ಪುಸ್ತಕದಿಂದ ಅಲ್ಲ. ಆಡುವ ಒಂದು ವಾರ ಮೊದಲು ಆ ಜಾಗಕ್ಕೆ ಹೋಗಿ. ‘ನಿಮ್ಮ ಭಾಷೆ ಹೇಗೆ?’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಒಂದು ಕ್ಷಣದಲ್ಲಿ ಶಾಲೆಯ ಕನ್ನಡಕ್ಕೆ ಬರುತ್ತಾರೆ. ‘ಊರಿಗೆ ಹೋಗೋಕೆ ಯಾವ ಬಸ್, ಎಲ್ಲಿ ಇಳಿಯೋದು?’ ಅಂತ ಕೇಳಿ, ತಾಲ್ಲೂಕು ಗೊತ್ತಾಗುತ್ತೆ. ಆಮೇಲೆ ‘ಹೋದ ಸಲ ಯಾರಿಗಾದರೂ ಹುಷಾರಿಲ್ಲದಾಗ ಏನು ಮಾಡಿದಿರಿ?’ ಅಂತ ಕೇಳಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹತ್ತು ಹದಿನೈದು ನಿಮಿಷ ಸಾಕು. ಇಬ್ಬರು ಹೆಂಗಸರು ಮಾತಾಡಿಕೊಳ್ಳುವುದು ಸಿಕ್ಕರೆ ಇನ್ನೂ ಒಳ್ಳೆಯದು, ಗಂಡಸರು ಹೊರಗಿನವರ ಮುಂದೆ ಹಿಂದಿ ಬೆರೆಸುತ್ತಾರೆ. ಮನೆಗೆ ಬಂದು ಕೇಳುವಾಗ ಐದೇ ಸಂಗತಿ ಬರೆದುಕೊಳ್ಳಿ: ಅದನಾ, ಐತಿನಾ, ಉಂಟಾ; ನಡೆಯುತ್ತಿರುವ ಕೆಲಸಕ್ಕೆ ಯಾವ ರೂಪ; ‘ಬೇಡ’ ಹೇಗೆ; ದುಡ್ಡು, ಮಾತ್ರೆ, ಆಸ್ಪತ್ರೆಗೆ ಯಾವ ಪದ; ಹಿರಿಯರು ಕಿರಿಯರನ್ನು ಹೇಗೆ ಕರೆಯುತ್ತಾರೆ. ಆರು ನಿಮಿಷದ ನಾಟಕಕ್ಕೆ ಇಷ್ಟೇ ಸಾಕಾಗುತ್ತೆ.

ಬರೆಯುವಾಗ ನಟನನ್ನು ನೋಡಿ ಬರೆಯಿರಿ. ನಟ ಅದೇ ಕಡೆಯವನಾದರೆ ಸಾದಾ ಕನ್ನಡದ ಪ್ರತಿ ಕೊಟ್ಟು ‘ನಿಮ್ಮ ಮನೇಲಿ ಹೇಗೆ ಹೇಳ್ತಿ, ಹಾಗೆ ಹೇಳು’ ಅನ್ನಿ. ಅವನು ಹೇಳಿದ್ದನ್ನು ರೆಕಾರ್ಡ್ ಮಾಡಿ, ಅದನ್ನೇ ಬರೆದು, ಕೆಂಪು ಮಾತು ಉಳಿದಿದೆಯಾ ನೋಡಿ. ಅವನಿಗೆ ‘ಬರ್ಲಾಕತ್ತದ’ ಅಂತ ನೀವು ಕಾಗದದಲ್ಲಿ ಬರೆದುಕೊಟ್ಟರೆ ಓದುವಾಗ ತಡವರಿಸುತ್ತಾನೆ, ತಾನು ದಿನಾ ಆಡುವ ಮಾತನ್ನು ಅಕ್ಷರದಲ್ಲಿ ನೋಡಿ ಅಭ್ಯಾಸ ಇರುವುದಿಲ್ಲ. ನಟ ಬೇರೆ ಕಡೆಯವನಾದರೆ ಅವನಿಗೆ ದಟ್ಟ ಆಡುಮಾತು ಕೊಡಲೇಬೇಡಿ. ಅವನು ಸಾದಾ ಕನ್ನಡದಲ್ಲೇ ಮಾತಾಡಲಿ, ಪದಗಳು ಮಾತ್ರ ಆ ಊರಿನವಾಗಲಿ: ರೊಕ್ಕ, ಗುಳಿಗಿ, ಮುಕಾದಮ. ‘ಹೊರಗಿನವನು, ಆದರೆ ನಮ್ಮ ಮಾತು ಗೊತ್ತಿದೆ’ ಅಂತ ಜನ ಒಪ್ಪುತ್ತಾರೆ. ತಪ್ಪು ರಾಗದಲ್ಲಿ ‘ಏನ್ ಮಾಡಾಕತ್ತೀರಿ’ ಅಂದರೆ ಒಪ್ಪುವುದಿಲ್ಲ.

ಯಾರ ಬಾಯಲ್ಲಿ ಯಾವ ಮಾತು ಅನ್ನೋದೂ ಮುಖ್ಯ. ತುಂಬಾ ನಾಟಕಗಳಲ್ಲಿ ರೋಗಿ, ಕುಡುಕ, ದಡ್ಡ ಇವರಿಗೆ ಊರಿನ ಮಾತು, ಡಾಕ್ಟರು ನರ್ಸಿಗೆ ಶುದ್ಧ ಕನ್ನಡ. ಬರೆದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಆದರೆ ನೋಡುವವರಿಗೆ ಸಂದೇಶ ಮುಟ್ಟುತ್ತೆ: ತಿಳಿದವರು ನಮ್ಮ ಹಾಗೆ ಮಾತಾಡುವುದಿಲ್ಲ. ಮೇಲಿನ ಮೂರೂ ಪ್ರತಿಯಲ್ಲಿ ನರ್ಸ್ ಬಾಯಲ್ಲೂ ಊರಿನ ಮಾತೇ ಇದೆ, ಗಮನಿಸಿರಬೇಕು. ಒಂದೇ ಪಾತ್ರಕ್ಕೆ ಒಳ್ಳೆಯ ಸ್ಥಳೀಯ ನಟ ಸಿಕ್ಕರೆ, ಅವನಿಗೆ ನರ್ಸ್ ಅಥವಾ ಡಾಕ್ಟರ್ ಪಾತ್ರ ಕೊಡಿ. ರೋಗಿ ಬೆಂಗಳೂರಿನವನೇ ಆಗಿರಲಿ.

ಕೊನೆಗೆ ಪರೀಕ್ಷೆ. ಆಡುವ ಮೊದಲು ಆ ಕಡೆಯ ಮೂವರನ್ನು ಕೂರಿಸಿ ಓದಿ. ‘ಹೇಗಿದೆ?’ ಅಂತ ಕೇಳಿದರೆ ‘ಚಲೋ ಅದ’ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಎರಡು ಪ್ರಶ್ನೆ ಕೇಳಿ. ನರ್ಸ್ ಏನು ಮಾಡು ಅಂದಳು? ಕೆಂಪು ಮಾತು ನಾಲ್ಕೂ ವಾಪಸ್ ಬರಬೇಕು. ಬರದಿದ್ದರೆ ಆ ಸಾಲನ್ನು ಮತ್ತೆ ಬರೆಯಿರಿ, ಇಲ್ಲವೇ ಎರಡು ಸಲ ಹೇಳಿಸಿ. ಇನ್ನೊಂದು, ಈ ಹುಡುಗ ಯಾವ ಊರಿನವನು ಅನ್ನಿಸಿತು? ಕಲಬುರಗಿಯವರು ‘ಹುಬ್ಬಳ್ಳಿ ಕಡೆಯವ’ ಅಂದರೆ ತೊಂದರೆ ಇಲ್ಲ, ಪಕ್ಕದೂರಿನವನೇ. ‘ಸಿನೆಮಾದವ’ ಅಂದರೆ ಕಟ್ಟು ಎಲ್ಲೋ ಬಿಚ್ಚಿದೆ, ಮೊದಲಿಂದ ಹುಡುಕಿ.

ಮುಂಬೈಯ ಯಾವುದಾದರೂ ಸಭಾಂಗಣದಲ್ಲಿ ಎಲ್ಲ ಕಡೆಯವರೂ ಸೇರಿ ಕೂತಿದ್ದರೆ? ಅಲ್ಲಿ ಒಂದು ಊರಿನ ಪ್ರತಿ ಹಿಡಿದುಕೊಂಡು ಹೋಗಬೇಡಿ. ಸಾದಾ ಕನ್ನಡದಲ್ಲಿ ಕತೆ ನಡೆಯಲಿ, ಬಸವ ಬಾಗಲಕೋಟೆಯ ಹಾಗೆ, ಸುಧಾಕರ ಉಡುಪಿಯ ಹಾಗೆ ಮಾತಾಡಲಿ, ನರ್ಸ್ ಇಬ್ಬರಿಗೂ ಅವರವರ ಪದದಲ್ಲೇ ಹೇಳಲಿ: ಒಬ್ಬನಿಗೆ ಗುಳಿಗಿ, ಇನ್ನೊಬ್ಬನಿಗೆ ಮಾತ್ರೆ. ಇದಕ್ಕೆ ಒಂದು ನಿಮಿಷ ಜಾಸ್ತಿ ಹಿಡಿಯುತ್ತೆ. ಆರು ನಿಮಿಷದ ಲೆಕ್ಕ ಬಿಗಿಯಾಗಿದ್ದರೆ ಮೊದಲ ದೃಶ್ಯದ ಹಾಡನ್ನು ಕತ್ತರಿಸಿ, ನರ್ಸ್ ಮಾತನ್ನು ಮುಟ್ಟಬೇಡಿ.